ಬ್ರೋಷರ್ ಬಿಚ್ಚಿ ಸ್ಲೈಡ್ ಕಟ್ಟುವುದು

ಇಳಕಲ್‌ನ ಕೈಮಗ್ಗ ನೇಕಾರರ ಸಂಘವೊಂದರ ಕಾರ್ಯದರ್ಶಿ ಫೋನ್ ಮಾಡಿದಾಗ ನಾನು ಊಟಕ್ಕೆ ಕುಳಿತಿದ್ದೆ. “ಸರ, ಇದ್ರಾಗ ರೇಟ್ ಬದ್ಲಿ ಮಾಡಾಕ ಬರವಲ್ದ್ರೀ. ಅಕ್ಷರದ ಮ್ಯಾಲ ಒತ್ತಿದ್ರ ಇಡೀ ಹಾಳಿನ ಎದ್ದು ಬರ್ತೈತಿ” ಅಂದರು. ಅವರ ಸಂಘ ಕೆಲವು ವರ್ಷಗಳ ಹಿಂದೆ ಮೂರು ಮಡಿಕೆಯ ಒಂದು ಬ್ರೋಷರ್ ಅಚ್ಚು ಹಾಕಿಸಿತ್ತು. ಅದನ್ನು ಕೋರೆಲ್‌ಡ್ರಾದಲ್ಲಿ ಮಾಡಿಕೊಟ್ಟ ಡಿಟಿಪಿ ಅಂಗಡಿ ಮುಚ್ಚಿ ಹೋಗಿದೆ. ಮೂಲ ಫೈಲ್ ಯಾರ ಹತ್ತಿರವೂ ಇಲ್ಲ. ಹಳೆಯ ಇಮೇಲ್ ಒಂದರಲ್ಲಿ ಪಿಡಿಎಫ್ ಮಾತ್ರ ಉಳಿದಿದೆ. ಈಗ ಬೆಂಗಳೂರಿನ ಒಂದು ಪ್ರದರ್ಶನದಲ್ಲಿ ಮಳಿಗೆಯ ಟಿವಿಗೆ ಹಾಕಲು, ಸಗಟು ಖರೀದಿದಾರರ ಮುಂದೆ ಹತ್ತು ನಿಮಿಷ ಮಾತಾಡಲು ಅವರಿಗೆ ಪಿಪಿಟಿ ಬೇಕು. ದರ ಬದಲಾಗಿವೆ, ಒಂದೆರಡು ಫೋಟೊ ಬದಲಿಸಬೇಕು. ಮುಂದಿನ ವರ್ಷ ಮತ್ತೆ ಬದಲಾಗುತ್ತವೆ, ಆಗ ಯಾರ ಮುಂದೆಯೂ ಕೈಚಾಚುವಂತಿರಬಾರದು ಎಂಬುದು ಅವರ ಆಸೆ.

ಅವರ ಅಳಿಯ ಎರಡು ಸಲ ಪ್ರಯತ್ನಿಸಿದ್ದ. ಮೊದಲನೆಯ ಸಲ ಅಂತರ್ಜಾಲದ ಉಚಿತ ಪರಿವರ್ತಕವೊಂದಕ್ಕೆ ಪಿಡಿಎಫ್ ಕೊಟ್ಟಿದ್ದಾನೆ. ಅದು ಪುಟದ ಚಿತ್ರವೊಂದನ್ನು ತೆಗೆದು ಸ್ಲೈಡಿನ ಮೇಲೆ ಅಂಟಿಸಿ ಕೊಟ್ಟಿದೆ. ನೋಡಲು ಬ್ರೋಷರ್‌ನಷ್ಟೇ ಚೆಂದ, ಆದರೆ ಒತ್ತಿದರೆ ಹಾಳೆಗೆ ಹಾಳೆಯೇ ಎದ್ದು ಬರುತ್ತದೆ. ಎರಡನೆಯ ಸಲ ಬೇರೊಂದು ಪರಿವರ್ತಕ. ಈ ಬಾರಿ ಅಕ್ಷರಗಳು ಬಿಡಿಯಾಗಿ ಬಂದಿದ್ದವು, ಬಹಳೇ ಬಿಡಿಯಾಗಿ. ಒಂದೇ ಸ್ಲೈಡಿನಲ್ಲಿ 143 ಪಠ್ಯ ಪೆಟ್ಟಿಗೆಗಳನ್ನು ಎಣಿಸಿ ಸುಮ್ಮನಾದೆ. “ಇಳಕಲ್ ಸೀರೆ” ಎಂಬ ದಪ್ಪಕ್ಷರದ ಶೀರ್ಷಿಕೆ ಇದ್ದ ಜಾಗದಲ್ಲಿ `E¼ÀPÀ¯ï ¹ÃgÉ` ಎಂದಿತ್ತು.

ಈ ಎರಡು ಫಲಿತಾಂಶಗಳಿಗೂ ಕಾರಣ ಪಿಡಿಎಫ್ ಹುಟ್ಟಿದ ರೀತಿಯಲ್ಲೇ ಇದೆ. ಅಡೋಬಿ ಕಂಪನಿ 1993ರಲ್ಲಿ ಇದನ್ನು ಹೊರತಂದಾಗ ಉದ್ದೇಶ ಒಂದೇ ಆಗಿತ್ತು: ಯಾವ ಕಂಪ್ಯೂಟರಿನಲ್ಲಿ ತೆರೆದರೂ, ಯಾವ ಮುದ್ರಕದಲ್ಲಿ ತೆಗೆದರೂ ಪುಟ ಕೂದಲೆಳೆಯಷ್ಟೂ ಕದಲಬಾರದು. ಹಾಗಾಗಿ ಆ ಫೈಲಿನೊಳಗೆ ಪ್ಯಾರಾ, ಶೀರ್ಷಿಕೆ, ಕೋಷ್ಟಕ ಎಂಬ ತಿಳಿವಳಿಕೆ ಇರಲೇಬೇಕೆಂದಿಲ್ಲ, ಎಷ್ಟೋ ಫೈಲುಗಳಲ್ಲಿ ಇರುವುದೂ ಇಲ್ಲ. ಇರುವುದು ಇಂಥ ಆಜ್ಞೆಗಳು:

```
BT
/F2 11 Tf
72 540 Td
(E¼ÀPÀ¯ï) Tj
ET
```

ಎರಡನೇ ಫಾಂಟನ್ನು 11 ಪಾಯಿಂಟ್ ಅಳತೆಯಲ್ಲಿ ತೆಗೆದುಕೋ, ಪುಟದ ಎಡ ಅಂಚಿನಿಂದ 72 ಪಾಯಿಂಟ್, ಕೆಳ ಅಂಚಿನಿಂದ 540 ಪಾಯಿಂಟ್ ದೂರಕ್ಕೆ ಹೋಗು, ಅಲ್ಲಿ ಈ ಅಕ್ಷರಗಳನ್ನು ಒತ್ತು. ಅಷ್ಟೇ. ಮುಂದಿನ ಸಾಲು ಇದೇ ಪ್ಯಾರಾದ ಮುಂದುವರಿಕೆಯೋ, ಪಕ್ಕದ ಮಡಿಕೆಯ ಫೋನ್ ನಂಬರೋ ಎಂದು ಫೈಲಿಗೆ ಗೊತ್ತಿಲ್ಲ. ಪರಿವರ್ತಕ ತಂತ್ರಾಂಶ ಸಾಲುಗಳ ನಡುವಿನ ಅಂತರ ನೋಡಿ ಊಹಿಸಬೇಕು. ಒಂದೇ ಅಂಕಣದ ಇಂಗ್ಲಿಷ್ ವರದಿಯಾದರೆ ಊಹೆ ಬಹುಮಟ್ಟಿಗೆ ಸರಿಹೋಗುತ್ತದೆ. ಅಂಥದ್ದಕ್ಕೆ ಅಕ್ರೊಬ್ಯಾಟ್ ಪ್ರೊದಲ್ಲಿರುವ ರಫ್ತು ಸವಲತ್ತನ್ನು ನಾನೇ ಬಳಸುತ್ತೇನೆ, ಆಮೇಲೆ ಅಲ್ಲಲ್ಲಿ ತಿದ್ದಿದರೆ ಸಾಕಾಗುತ್ತದೆ. ಆದರೆ ಬ್ರೋಷರ್ ಎಂದರೆ ಮೂರು ಅಂಕಣ, ಚಿತ್ರದ ಮೇಲೆ ಅಕ್ಷರ, ಬಣ್ಣದ ಪಟ್ಟಿ, ನೆರಳು. ಅದರಲ್ಲೂ ಕನ್ನಡ. ಇಲ್ಲಿ ಯಂತ್ರದ ಊಹೆಯನ್ನು ತಿದ್ದುತ್ತ ಕೂರುವುದಕ್ಕಿಂತ ಚಿತ್ರಗಳನ್ನು ಬೇರೆ, ಪಠ್ಯವನ್ನು ಬೇರೆ ತೆಗೆದುಕೊಂಡು ಸ್ಲೈಡುಗಳನ್ನು ಹೊಸದಾಗಿ ಕಟ್ಟುವುದೇ ಬೇಗ ಮುಗಿಯುತ್ತದೆ. ಎರಡು ಪುಟದ ಬ್ರೋಷರಿಗೆ ಅರ್ಧ ದಿನದ ಕೆಲಸ. 143 ಪೆಟ್ಟಿಗೆಗಳನ್ನು ಜೋಡಿಸಲು ಕೂತಿದ್ದರೆ ಅದೇ ಅರ್ಧ ದಿನದಲ್ಲಿ ಒಂದು ಸ್ಲೈಡೂ ಮುಗಿಯುತ್ತಿರಲಿಲ್ಲ.

ಕೈಹಾಕುವ ಮೊದಲು ಫೈಲಿನ ನಾಡಿ ನೋಡಬೇಕು. ಪಿಡಿಎಫ್ ತೆರೆದು 600 ಪ್ರತಿಶತಕ್ಕೆ ಹಿಗ್ಗಿಸಿ. ಅಕ್ಷರದ ಅಂಚು ಚೂಪಾಗಿಯೇ ಉಳಿದರೆ ಅದು ಅಕ್ಷರ ಅಥವಾ ರೇಖಾಚಿತ್ರ, ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಅದು ಸ್ಕ್ಯಾನ್ ಮಾಡಿದ ಚಿತ್ರ. ಚೂಪಾಗಿದ್ದರೆ ಮೌಸ್ ಎಳೆದು ಒಂದು ಸಾಲನ್ನು ಆರಿಸಲು ಯತ್ನಿಸಿ. ಆರಿಸಲು ಬಾರದಿದ್ದರೆ ಅಚ್ಚಿಗೆ ಕೊಡುವ ಮುನ್ನ ಡಿಟಿಪಿಯವರು ಅಕ್ಷರಗಳನ್ನು ‘ಕರ್ವ್’ ಮಾಡಿದ್ದಾರೆ ಎಂದರ್ಥ. ಮುದ್ರಣಾಲಯದಲ್ಲಿ ಫಾಂಟ್ ಇಲ್ಲದೆ ಅಕ್ಷರ ಕೆಟ್ಟುಹೋಗದಿರಲೆಂದು ಅವರು ಮಾಡುವ ಜಾಣತನ ಅದು. ನಮಗೆ ಮಾತ್ರ ಅಲ್ಲಿ ಅಕ್ಷರವೇ ಉಳಿದಿರುವುದಿಲ್ಲ, ಅಕ್ಷರದ ಆಕಾರದ ಗೆರೆಗಳಷ್ಟೇ. ಆರಿಸಲು ಬಂದರೆ ಕಂಟ್ರೋಲ್ ಮತ್ತು ಡಿ ಒತ್ತಿ, ಅಕ್ರೊಬ್ಯಾಟ್ ರೀಡರಿನಲ್ಲಿ `Fonts` ಎಂಬ ಪಟ್ಟಿ ನೋಡಿ. ನನ್ನ ಮುಂದಿದ್ದ ಫೈಲಿನಲ್ಲಿ ಇಂಗ್ಲಿಷಿಗೆ ಏರಿಯಲ್, ಕನ್ನಡಕ್ಕೆ `Nudi01e` ಕಂಡಿತು. ಶೀರ್ಷಿಕೆಯಲ್ಲಿ ಅಡ್ಡಾದಿಡ್ಡಿ ಲ್ಯಾಟಿನ್ ಅಕ್ಷರ ಬಂದ ಗುಟ್ಟು ಅಲ್ಲಿಗೆ ಬಯಲಾಯಿತು.

ಯೂನಿಕೋಡ್ ರೂಢಿಗೆ ಬರುವ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಕನ್ನಡದ್ದೆಂದು ಪ್ರತ್ಯೇಕ ಸಂಕೇತ ಇರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಕಂಪ್ಯೂಟರಿನ ಲೆಕ್ಕದಲ್ಲಿ ‘ಕನ್ನಡ’ ಎಂಬುದು `PÀ£ÀßqÀ`. ನುಡಿ ಫಾಂಟ್ ಹಾಕಿದಾಗ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ, ತೆಗೆದರೆ ಬಣ್ಣ ಬಯಲು. ಪಿಡಿಎಫ್ ತನ್ನೊಳಗೇ ಆ ಫಾಂಟಿನ ತುಣುಕನ್ನು ಹುದುಗಿಸಿಕೊಂಡಿರುವುದರಿಂದ ಅದರಲ್ಲಿ ಸರಿಯಾಗಿ ಕಾಣುತ್ತಿತ್ತು. ಪರಿವರ್ತಿಸಿದ ಪಿಪಿಟಿಗೆ ಆ ತುಣುಕು ಬರಲಿಲ್ಲ, ಅಳಿಯನ ಕಂಪ್ಯೂಟರಿನಲ್ಲಿ ನುಡಿಯೂ ಇರಲಿಲ್ಲ.

ಇದಕ್ಕೆ ಮದ್ದು ಇದೆ. ನುಡಿ ಮತ್ತು ಬರಹ ತಂತ್ರಾಂಶಗಳಲ್ಲೇ ಹಳೆಯ ಸಂಕೇತವನ್ನು ಯೂನಿಕೋಡ್‌ಗೆ ಬದಲಿಸುವ ಸವಲತ್ತು ಇದೆ. ನಾನು ಮಾಡಿದ್ದು ಇಷ್ಟು: ಬ್ರೋಷರಿನ ಒಂದೊಂದು ಮಡಿಕೆಯನ್ನೂ ಪ್ರತ್ಯೇಕವಾಗಿ ಮೌಸ್‌ನಿಂದ ಆರಿಸಿ ನಕಲು ಮಾಡಿ, ಒಂದೊಂದಕ್ಕೂ ಬೇರೆ ಪಠ್ಯ ಫೈಲ್ ಮಾಡಿ, ಆಮೇಲೆ ಪರಿವರ್ತಿಸಿದೆ. ಇಡೀ ಪುಟವನ್ನು ಒಮ್ಮೆಗೇ ಆರಿಸಿದರೆ ಮೂರು ಅಂಕಣಗಳ ಸಾಲುಗಳು ಹೆಣೆದುಕೊಂಡು ಬರುವ ಅಪಾಯವಿದೆ.

ಪರಿವರ್ತಕಗಳು ಮುಗ್ಗರಿಸುವ ಜಾಗಗಳು ಕೆಲವಿವೆ, ಅವನ್ನು ಮೊದಲೇ ತಿಳಿದಿದ್ದರೆ ಕರಡು ತಿದ್ದುವುದು ಸುಲಭ. ಒಂದು, ಅರ್ಕಾವತ್ತು. ‘ಕರ್ನಾಟಕ’ ಎಂಬುದು ನುಡಿಯಲ್ಲಿ `PÀ£ÁðlPÀ`. ಇಲ್ಲಿ ರಕಾರದ ಗುರುತಾದ `ð` ನಾ ಅಕ್ಷರದ ನಂತರ ಬಂದಿದೆ, ಬರೆಯುವಾಗ ನಾವು ಇಡುವ ಜಾಗದಲ್ಲೇ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ: ರ್ ಮೊದಲು, ನಾ ಆಮೇಲೆ. ಈ ಅದಲು ಬದಲು ಸರಿಯಾಗದಿದ್ದರೆ ‘ಕನಾ೯ಟಕ’ ಎಂದು ಒಂಬತ್ತರ ಅಂಕೆ ಬಂದು ಕೂರುತ್ತದೆ. ಕಣ್ಣಿಗೆ ಸರಿಯೆನಿಸುತ್ತದೆ, ಆದರೆ ಹುಡುಕಿದರೆ ಸಿಗುವುದಿಲ್ಲ. ಆದ್ದರಿಂದ ಫೈಲಿನಲ್ಲಿ ೯ ಅನ್ನೇ ಹುಡುಕಿ ಒಂದೊಂದನ್ನೂ ನೋಡುವುದು ನನ್ನ ರೂಢಿ. ಇನ್ನೊಂದು, ನಡುವೆ ಬರುವ ಇಂಗ್ಲಿಷ್. ಪರಿವರ್ತಕಕ್ಕೆ ಎಲ್ಲ ಲ್ಯಾಟಿನ್ ಅಕ್ಷರವೂ ಕನ್ನಡವೇ. ಸಂಘದ ಇಮೇಲ್ ವಿಳಾಸವನ್ನು ಅದು ಯಾವ ಭಾಷೆಗೂ ಸೇರದ ಒಂದು ಕನ್ನಡ ಪದವನ್ನಾಗಿ ಮಾಡಿಟ್ಟಿತು. ಇಮೇಲ್, ಫೋನ್, ಇಂಗ್ಲಿಷ್ ಹೆಸರುಗಳನ್ನು ಪರಿವರ್ತನೆಗೆ ಮುನ್ನವೇ ಎತ್ತಿಡಬೇಕು. ಅಂಕಿಗಳನ್ನಂತೂ ಅಚ್ಚಾದ ಪ್ರತಿಯ ಜೊತೆ ಇಟ್ಟುಕೊಂಡು ಬೆರಳಿಟ್ಟು ಓದಬೇಕು, ದರಪಟ್ಟಿಯಲ್ಲಿ ಒಂದು ಸೊನ್ನೆ ಹೋದರೆ ಹೋಗುವುದು ಸೊನ್ನೆಯಷ್ಟೇ ಅಲ್ಲ.

ಪಿಡಿಎಫ್‌ನಲ್ಲಿ ಯೂನಿಕೋಡ್ ಫಾಂಟೇ ಇದ್ದರೆ ಕಷ್ಟವಿಲ್ಲ ಎಂದುಕೊಳ್ಳಬೇಡಿ. ಫೈಲಿನೊಳಗೆ ಕೂರುವುದು ಜೋಡಣೆಯಾದ ಆಕಾರಗಳು, ಕ್ಷ, ಸ್ತ್ರೀ ಇಂಥವು. ಯಾವ ಆಕಾರ ಯಾವ ಅಕ್ಷರಗಳಿಂದ ಆಯಿತೆಂಬ ನಕ್ಷೆ ಸರಿಯಿಲ್ಲದಿದ್ದರೆ ನಕಲು ಮಾಡಿದಾಗ ಒತ್ತಕ್ಷರ ಕಳಚಿ ಬೀಳುತ್ತವೆ, ಗುಣಿತ ಹಿಂದೆ ಮುಂದೆ ಆಗುತ್ತದೆ. ಅಂಥ ಪಠ್ಯವನ್ನು ಹೊಲಿಯುವುದಕ್ಕಿಂತ ಪುಟದ ಚಿತ್ರ ತೆಗೆದು ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಡುವುದೇ ಲೇಸು. ಸ್ಕ್ಯಾನ್ ಆದದ್ದಕ್ಕೂ ಕರ್ವ್ ಆದದ್ದಕ್ಕೂ ಇದೇ ದಾರಿ. ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶ ಕನ್ನಡ, ಇಂಗ್ಲಿಷ್ ಎರಡನ್ನೂ ಒಟ್ಟಿಗೆ ಓದುತ್ತದೆ:

```
pdftoppm -r 300 -png ilkal.pdf puta
tesseract puta-2.png puta2 -l kan+eng
```

ಇಲ್ಲವಾದರೆ ಗೂಗಲ್ ಡ್ರೈವ್‌ಗೆ ಚಿತ್ರ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೂ ಪಠ್ಯ ಬರುತ್ತದೆ. ಬಣ್ಣದ ಫೋಟೊದ ಮೇಲೆ ಹೇರಿದ ಅಕ್ಷರಗಳಲ್ಲಿ ಇವು ತಪ್ಪುತ್ತವೆ, ಅವನ್ನು ಕೈಯಾರೆ ಟೈಪು ಮಾಡಿಬಿಡಿ. ನಾಲ್ಕು ಸಾಲಿಗೆ ತಂತ್ರಾಂಶದ ಮುಂದೆ ತಪಸ್ಸು ಬೇಡ.

ಪಠ್ಯ ಹೇಗೆ ಬಂದಿದ್ದರೂ ಪ್ರತಿ ಸಾಲಿನ ಕೊನೆಗೆ ಒಂದು ಮುರಿತ ಇರುತ್ತದೆ. 97 ಮಿಲಿಮೀಟರಿನ ಕಿರಿದಾದ ಮಡಿಕೆಗೆಂದು ಮುರಿದ ಸಾಲುಗಳು ಅಗಲವಾದ ಸ್ಲೈಡಿನಲ್ಲಿ ತುಂಡು ಕವಿತೆಯಂತೆ ನಿಲ್ಲುತ್ತವೆ. ವರ್ಡ್‌ನಲ್ಲಿ ಹುಡುಕಿ ಬದಲಿಸುವ ಪೆಟ್ಟಿಗೆ ತೆರೆದು `^p` ಇದ್ದಲ್ಲೆಲ್ಲ ಒಂದು ಖಾಲಿ ಜಾಗ ಹಾಕಿದರೆ ಸಾಲುಗಳು ಕೂಡಿಕೊಳ್ಳುತ್ತವೆ. ನಿಜವಾದ ಪ್ಯಾರಾ ಬದಲಾಗುವ ಕಡೆ ಮೊದಲೇ ಏನಾದರೊಂದು ಗುರುತು ಹಾಕಿಟ್ಟುಕೊಳ್ಳಿ.

ಇನ್ನು ಚಿತ್ರ. ಪರದೆಯ ಮೇಲೆ ಕಂಡದ್ದನ್ನು ಸ್ಕ್ರೀನ್‌ಶಾಟ್ ತೆಗೆದು ಸ್ಲೈಡಿಗೆ ಅಂಟಿಸುವವರನ್ನು ಬಹಳ ನೋಡಿದ್ದೇನೆ. ಅದರಲ್ಲಿ ಎರಡು ನಷ್ಟ. ಸಿಗುವುದು ಪರದೆಯ ಗುಣಮಟ್ಟ ಮಾತ್ರ, ಮತ್ತು ಚಿತ್ರದ ಮೇಲಿನ ಅಕ್ಷರಗಳೂ ಅದಕ್ಕೆ ಅಂಟಿಕೊಂಡು ಬರುತ್ತವೆ. ಪಿಡಿಎಫ್‌ನ ಹೊಟ್ಟೆಯಲ್ಲಿ ಫೋಟೊ ಬೇರೆ ವಸ್ತುವಾಗಿಯೇ ಕೂತಿರುತ್ತದೆ, ಎಷ್ಟೋ ಸಲ ಕತ್ತರಿಸದ ಪೂರ್ಣ ರೂಪದಲ್ಲಿ. ಡಿಟಿಪಿಯವರು ಮಗ್ಗದ ಫೋಟೊವನ್ನು ದುಂಡಗಿನ ಚೌಕಟ್ಟಿನಲ್ಲಿ ತೋರಿಸಿದ್ದರೆ, ದುಂಡಿನಾಚೆ ಇದ್ದ ನೇಕಾರರ ಕೈ ಕೂಡ ಫೈಲಿನಲ್ಲಿ ಉಳಿದಿರಬಹುದು. ಕರೆದರೆ ಈಚೆ ಬರುತ್ತದೆ. ಕರೆಯುವ ಸಾಧನ ಪಾಪ್ಲರ್ ಎಂಬ ಉಚಿತ ಕಟ್ಟಿನಲ್ಲಿದೆ. ಮೊದಲು ಪಟ್ಟಿ ನೋಡುವುದು, ಆಮೇಲೆ ತೆಗೆಯುವುದು:

```
pdfimages -list ilkal.pdf
pdfimages -png ilkal.pdf chitra
```

ಇಳಕಲ್ ಬ್ರೋಷರಿನ ಎರಡನೇ ಪುಟಕ್ಕೆ ಬಂದ ಪಟ್ಟಿಯಲ್ಲಿ ಬೇಕಾದ ಅಂಕಣಗಳನ್ನಷ್ಟೇ ಉಳಿಸಿಕೊಂಡು, ಕೆಲವು ಸಾಲುಗಳನ್ನು ಇಲ್ಲಿ ಕೊಡುತ್ತೇನೆ:

```
page num type  width height color x-ppi
   2   3 image  1063    709 cmyk    300
   2   4 image  1000   1500 rgb     300
   2   5 smask  1000   1500 gray    300
   2   6 image   354    354 cmyk    300
```

ಮೂರನೆಯದು ಮಗ್ಗದ ಫೋಟೊ. ನಾಲ್ಕನೆಯದು ಸೆರಗು, ತೋಪೆ ತೆನಿ ಎನ್ನುತ್ತಾರಲ್ಲ, ಆ ಕೋಟೆಯ ತೆನೆಯಂಥ ಕೆಂಪು ಬಿಳಿ ವಿನ್ಯಾಸ. ಐದನೆಯದರಲ್ಲಿ `smask` ಎಂದಿದೆ ನೋಡಿ, ಅದು ಸ್ವತಂತ್ರ ಚಿತ್ರವಲ್ಲ, ಸೆರಗಿನ ಚಿತ್ರಕ್ಕೆ ಮುಸುಕು. ಯಾವ ಭಾಗ ಕಾಣಬೇಕು, ಯಾವುದು ಪಾರದರ್ಶಕವಾಗಬೇಕು ಎಂದು ಕಪ್ಪು ಬಿಳುಪಿನಲ್ಲಿ ಹೇಳುತ್ತದೆ. ಬರಿಯ ನಾಲ್ಕನೆಯದನ್ನು ಸ್ಲೈಡಿಗೆ ಹಾಕಿದರೆ ಮಡಿಸಿದ ಸೆರಗಿನ ಸುತ್ತ ಒಂದು ಅಸಹ್ಯ ಹಿನ್ನೆಲೆ ಕಾಣುತ್ತದೆ. ಫೈಲ್ ಕೆಟ್ಟಿದೆ ಎಂದು ಅನೇಕರು ಇಲ್ಲಿಗೇ ಕೈಬಿಡುತ್ತಾರೆ. ಎರಡನ್ನೂ ಕೂಡಿಸಲು ಇಮೇಜ್‌ಮ್ಯಾಜಿಕ್‌ನ ಒಂದು ಸಾಲು ಸಾಕು:

```
magick chitra-004.png chitra-005.png -alpha off \
  -compose CopyOpacity -composite seragu.png
```

ಕಪ್ಪು ಪರದೆಯಲ್ಲಿ ಆಜ್ಞೆ ಟೈಪು ಮಾಡುವುದು ಒಗ್ಗದವರಿಗೆ ಲಿಬ್ರೆ ಆಫೀಸ್ ಡ್ರಾ ಇದೆ. ಪಿಡಿಎಫ್ ಅನ್ನು ನೇರ ಅದರಲ್ಲಿ ತೆರೆದು, ಚಿತ್ರದ ಮೇಲೆ ಬಲಗುಂಡಿ ಒತ್ತಿ `Save` ಎಂಬುದನ್ನು ಆರಿಸಿದರೆ ಒಂದೊಂದಾಗಿ ಉಳಿಸಿಕೊಳ್ಳಬಹುದು. ಸಂಘದ ಲಾಂಛನ ಮಾತ್ರ ಈ ಪಟ್ಟಿಯಲ್ಲಿ ಬರಲೇ ಇಲ್ಲ. ಅದು ಗೆರೆಗಳಿಂದಾದ ಚಿತ್ರ, ಫೋಟೊ ಅಲ್ಲ. ಇಂಕ್‌ಸ್ಕೇಪಿನಲ್ಲಿ ಆ ಪುಟ ತೆರೆದು, ಉಳಿದದ್ದನ್ನು ಅಳಿಸಿ, ಲಾಂಛನವನ್ನು ಎಸ್‌ವಿಜಿ ಆಗಿ ಉಳಿಸಿದೆ. ಹೊಸ ಆವೃತ್ತಿಯ ಪವರ್‌ಪಾಯಿಂಟ್ ಎಸ್‌ವಿಜಿಯನ್ನು ಒಪ್ಪುತ್ತದೆ, `Convert to Shape` ಒತ್ತಿದರೆ ಬಿಡಿ ಆಕಾರಗಳಾಗಿ ಬಿಚ್ಚಿಯೂ ಕೊಡುತ್ತದೆ, ಬಣ್ಣ ಬದಲಿಸಬಹುದು, ಎಷ್ಟು ಹಿಗ್ಗಿಸಿದರೂ ಮಸುಕಾಗದು.

ಎಷ್ಟು ಹಿಗ್ಗಿಸಬಹುದು ಎಂಬ ಪ್ರಶ್ನೆ ಫೋಟೊಗಳಿಗೆ ಬಂದಾಗ ಒಂದು ಸಣ್ಣ ಲೆಕ್ಕ. ಅಗಲದ ಸ್ಲೈಡಿನ ಅಳತೆ 13.33 ಇಂಚು, ಸಾಮಾನ್ಯ ಟಿವಿಯ ಅಗಲ 1920 ಚುಕ್ಕೆ. ಅಂದರೆ ಸ್ಲೈಡಿನ ಒಂದು ಇಂಚಿಗೆ 144 ಚುಕ್ಕೆ. ಮಗ್ಗದ ಫೋಟೊದ 1063 ಚುಕ್ಕೆಗಳನ್ನು 144ರಿಂದ ಭಾಗಿಸಿದರೆ ಸುಮಾರು 7.4 ಇಂಚು, ಅರ್ಧ ಸ್ಲೈಡಿಗೆ ಧಾರಾಳ. ಪೂರ್ತಿ ಸ್ಲೈಡಿಗೆ ಎಳೆದರೆ ಮಂಜಾಗುತ್ತದೆ. ಅಂಚುಗಳ ನಾಲ್ಕು ಪುಟ್ಟ ಚೌಕಗಳು, ಗೋಮಿ, ಗಾಡಿ ದಡಿಗಳ ಮಾದರಿಗಳು, ಕೇವಲ 354 ಚುಕ್ಕೆ. ಎರಡೂವರೆ ಇಂಚಿಗಿಂತ ದೊಡ್ಡದು ಮಾಡುವಂತಿಲ್ಲ. ಅಚ್ಚಿನಲ್ಲಿ ಅವು ಮೂರು ಸೆಂಟಿಮೀಟರ್ ಚೌಕದಲ್ಲಿ ಮುತ್ತಿನಂತೆ ಕಂಡಿದ್ದವು. ಕಾಗದದ ಮೇಲೆ ಚೆಂದವಾಗಿದ್ದದ್ದು ಟಿವಿಯ ಮೇಲೂ ಹಾಗೇ ಇರುತ್ತದೆಂಬ ಭರವಸೆ ಇಟ್ಟುಕೊಳ್ಳಬಾರದು. ದಡಿಯ ನೇಯ್ಗೆ ಕಾಣಲೇಬೇಕು ಎನ್ನುವುದಾದರೆ ಹೊಸದಾಗಿ ಫೋಟೊ ತೆಗೆಯಿರಿ ಎಂದು ಕಾರ್ಯದರ್ಶಿಗೆ ಹೇಳಿದೆ.

ಬಣ್ಣದ ಮಾತೂ ಒಂದಿದೆ. ಅಚ್ಚಿನ ಚಿತ್ರಗಳು ನಾಲ್ಕು ಶಾಯಿಯ ಲೆಕ್ಕದಲ್ಲಿರುತ್ತವೆ, ಪರದೆಯದು ಮೂರು ಬೆಳಕಿನ ಲೆಕ್ಕ. ತೆಗೆಯುವಾಗ ಸರಳವಾಗಿ ಬದಲಾದ ಕೆಂಪು ಕೆಲವೊಮ್ಮೆ ಕಣ್ಣು ಕುಕ್ಕುವಂತಾಗುತ್ತದೆ, ಕೆಲವು ಜೆಪೆಗ್‌ಗಳು ಫಿಲಂ ನೆಗೆಟಿವ್‌ನಂತೆ ತಿರುಗುಮುರುಗಾಗಿಯೂ ಬರುತ್ತವೆ. ಪಕ್ಕದಲ್ಲಿ ಪಿಡಿಎಫ್ ತೆರೆದಿಟ್ಟುಕೊಂಡು ಹೋಲಿಸಿ, ಪವರ್‌ಪಾಯಿಂಟಿನಲ್ಲೇ ಬಣ್ಣದ ಗಾಢತೆ ಇಳಿಸಿದರೆ ಬಹುತೇಕ ಸರಿಹೋಗುತ್ತದೆ. ಇಳಕಲ್ ಸೀರೆಯ ಸೆರಗು ಕೆಂಪಿನದು, ಅದು ತಪ್ಪಿದರೆ ನೇಕಾರರು ಸುಮ್ಮನಿರುವುದಿಲ್ಲ. ಇದಕ್ಕಿಂತ ಕಷ್ಟದ ಇನ್ನೊಂದು ಸ್ಥಿತಿ ಇದೆ, ಈ ಸಲ ನಾನು ಬಚಾವಾದೆ: ಪಾರದರ್ಶಕತೆಯನ್ನು ಒಪ್ಪದ ಹಳೆಯ ಅಚ್ಚಿನ ಮಾದರಿಗೆ ಉಳಿಸಿದ ಪಿಡಿಎಫ್‌ಗಳಲ್ಲಿ ನೆರಳಿದ್ದ ಚಿತ್ರವನ್ನು ಅಡ್ಡಪಟ್ಟಿಗಳಾಗಿ ಸೀಳಿಟ್ಟಿರುತ್ತಾರೆ. ಪಟ್ಟಿಯಲ್ಲಿ ಒಂದೇ ಅಗಲದ, ಕೆಲವೇ ಚುಕ್ಕೆ ಎತ್ತರದ ಹತ್ತಾರು ಚಿತ್ರಗಳು ಸಾಲಾಗಿ ಕಂಡರೆ ಅದೇ. ಆಗ ಅವನ್ನು ಹೊಲಿಯಲು ಹೋಗದೆ `pdftoppm`ನಿಂದ ಪುಟವನ್ನೇ 300ರ ಸಾಂದ್ರತೆಯಲ್ಲಿ ಚಿತ್ರವಾಗಿಸಿ, ಬೇಕಾದ ಭಾಗ ಕತ್ತರಿಸಿಕೊಳ್ಳುವುದು.

ಸ್ಲೈಡ್ ಕಟ್ಟಲು ಕೂರುವಾಗ ಮಡಿಕೆಯ ಲೆಕ್ಕ ತಲೆಯಲ್ಲಿರಬೇಕು. ಮೂರು ಮಡಿಕೆಯ ಬ್ರೋಷರಿನ ಪಿಡಿಎಫ್‌ನಲ್ಲಿ ಮೊದಲ ಪುಟ ಹೊರಮೈ. ಅದರ ಬಲಗಡೆಯ ಮೂರನೇ ಒಂದು ಭಾಗವೇ ಮುಖಪುಟ, ನಡುವಿನದು ಬೆನ್ನು, ಎಡಗಡೆಯದು ಒಳಕ್ಕೆ ಮಡಿಚಿಕೊಳ್ಳುವ ಎಲೆ. ಒಳಗೆ ಹೋಗುವ ಆ ಎಲೆ ಉಬ್ಬದಿರಲೆಂದು ಅದನ್ನು 97 ಮಿಲಿಮೀಟರ್ ಮಾಡಿ, ಉಳಿದೆರಡನ್ನು 100 ಮಾಡಿರುತ್ತಾರೆ. ಎಡದಿಂದ ಬಲಕ್ಕೆ ಓದುವ ಪರಿವರ್ತಕ ವಿಳಾಸವನ್ನು ಹೆಸರಿಗಿಂತ ಮೊದಲು ತಂದದ್ದು ಇದರಿಂದಲೇ. ನಾನು ಆರು ಮಡಿಕೆಗಳನ್ನು ಎಂಟು ಸ್ಲೈಡುಗಳಾಗಿ ಹಂಚಿದೆ: ಮುಖಪುಟ, ಸಂಘದ ಪರಿಚಯ, ನೇಯ್ಗೆಗೆ ಎರಡು, ದಡಿ ಸೆರಗುಗಳಿಗೆ ಎರಡು, ದರ, ವಿಳಾಸ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆ ಎಳೆಯಾಗಿ ಸಿಕ್ಕಿಸಿ ಕೂಡಿಸುವ ಕೊಂಡಿ ವಿಧಾನವೇ ಇಳಕಲ್ ಸೀರೆಯ ವಿಶೇಷ, ಅದಕ್ಕೆ ಇಡೀ ಒಂದು ಸ್ಲೈಡ್ ಕೊಡದೆ ಮನಸ್ಸು ಒಪ್ಪಲಿಲ್ಲ. ಬ್ರೋಷರಿನ ಉದ್ದ ವಿವರಣೆಯನ್ನು ಸ್ಲೈಡಿನ ಕೆಳಗಿನ ಟಿಪ್ಪಣಿ ಜಾಗಕ್ಕೆ ಹಾಕಿದೆ, ಮಾತಾಡುವವರಿಗೆ ಅದು ಒದಗುತ್ತದೆ.

ಇಲ್ಲಿ ಬಹಳ ಜನ ಮಾಡುವ ತಪ್ಪೆಂದರೆ ಖಾಲಿ ಸ್ಲೈಡ್ ತೆಗೆದು ಪಠ್ಯ ಪೆಟ್ಟಿಗೆಗಳನ್ನು ಎಲ್ಲೆಂದರಲ್ಲಿ ಇಡುವುದು. ಅದರ ಬದಲು `View` ಪಟ್ಟಿಯ `Slide Master` ತೆರೆದು ಮೊದಲು ಅಚ್ಚು ಮಾಡಿಕೊಳ್ಳಬೇಕು. ಈ ಕೆಲಸಕ್ಕೆ ನನಗೆ ಬೇಕಾದದ್ದು ಮೂರೇ ಅಚ್ಚು: ಮುಖಪುಟದ್ದು, ಎಡಕ್ಕೆ ಫೋಟೊ ಬಲಕ್ಕೆ ಪಠ್ಯದ್ದು, ಕೋಷ್ಟಕದ್ದು. ಅಚ್ಚಿನಲ್ಲಿ ಶೀರ್ಷಿಕೆಗೆ, ಪಠ್ಯಕ್ಕೆ, ಚಿತ್ರಕ್ಕೆ ಮೀಸಲು ಜಾಗಗಳನ್ನು `Insert Placeholder` ಮೂಲಕ ಇಡುತ್ತೇವೆ. ಬ್ರೋಷರಿನ ಚಹರೆ ಉಳಿಯಬೇಕೆಂದರೆ ಆ ಪುಟದ ಚಿತ್ರವನ್ನೇ ತಾತ್ಕಾಲಿಕವಾಗಿ ಅಡಿಯಲ್ಲಿ ಹಾಸಿ, ಅದರ ಮೇಲೆ ಗೆರೆ ಎಳೆದಂತೆ ಜಾಗ ಗುರುತಿಸಿಕೊಂಡು, ಕೆಲಸ ಮುಗಿದ ಮೇಲೆ ಅಳಿಸಬಹುದು. ಅಳಿಸಲು ಮರೆತರೆ ಫೈಲ್ ಊದಿಕೊಳ್ಳುತ್ತದೆ.

ಮೀಸಲು ಜಾಗಕ್ಕೂ ಬಿಡಿ ಪೆಟ್ಟಿಗೆಗೂ ಕಣ್ಣಿಗೆ ವ್ಯತ್ಯಾಸ ಕಾಣದು. ವ್ಯತ್ಯಾಸ ತಿಳಿಯುವುದು ಬದಲಿಸಲು ಹೋದಾಗ. ಮೀಸಲು ಜಾಗದ ಪಠ್ಯವಾದರೆ ಅಚ್ಚಿನಲ್ಲಿ ಫಾಂಟ್ ಬದಲಿಸಿದೊಡನೆ ಎಂಟೂ ಸ್ಲೈಡುಗಳಲ್ಲಿ ಬದಲಾಗುತ್ತದೆ. ಮೀಸಲು ಜಾಗದ ಫೋಟೊ ಮೇಲೆ ಬಲಗುಂಡಿ ಒತ್ತಿ `Change Picture` ಎಂದರೆ ಹೊಸ ಫೋಟೊ ಅದೇ ಜಾಗದಲ್ಲಿ, ಅದೇ ಚೌಕಟ್ಟಿನಲ್ಲಿ ಕೂರುತ್ತದೆ. ಯಾವುದು ಯಾವುದೆಂದು ಪತ್ತೆ ಹಚ್ಚಲು `Outline View` ತೆರೆಯಿರಿ. ಮೀಸಲು ಜಾಗದ ಪಠ್ಯ ಅಲ್ಲಿ ಸಾಲಾಗಿ ಕಾಣುತ್ತದೆ, ಬಿಡಿ ಪೆಟ್ಟಿಗೆಯದು ಕಾಣುವುದೇ ಇಲ್ಲ. ಅಳಿಯ ಮಾಡಿಸಿದ್ದ ಫೈಲನ್ನು ಹೀಗೆ ತೆರೆದರೆ ಆ ಪಟ್ಟಿ ಪೂರ್ತಿ ಬರಿದಾಗಿತ್ತು.

ಕನ್ನಡಕ್ಕೆಂದೇ ಎರಡು ಎಚ್ಚರ. ಸಾಲುಗಳ ಅಂತರವನ್ನು ಬ್ರೋಷರಿನ ಲೆಕ್ಕದಲ್ಲಿ ಬಿಗಿಯಾಗಿ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯುತ್ತದೆ, 1.1 ಅಥವಾ 1.2 ಪಟ್ಟು ಇಟ್ಟರೆ ಓದಲು ಹಿತ. ಫಾಂಟ್ ವಿಚಾರದಲ್ಲಿ ನಿರ್ಮಲಾ ಯುಐ ವಿಂಡೋಸ್ ಜೊತೆಗೇ ಬರುತ್ತದೆ, ಪ್ರದರ್ಶನದ ಕಂಪ್ಯೂಟರಿನಲ್ಲೂ ಇರುತ್ತದೆಂದು ನಂಬಬಹುದು. ನೋಟೊ ಸಾನ್ಸ್ ಕನ್ನಡ ಇನ್ನೂ ಚೆಂದ, ಆದರೆ ಉಳಿಸುವ ಆಯ್ಕೆಗಳಲ್ಲಿ `Embed fonts in the file` ಗುರುತು ಹಾಕುವುದನ್ನು ಮರೆಯಬಾರದು. ಕಾರ್ಯದರ್ಶಿಯ ಪರಿಸ್ಥಿತಿ ನೋಡಿ ನಾನು ನಿರ್ಮಲಾವನ್ನೇ ಆರಿಸಿದೆ.

ದರಪಟ್ಟಿಗೆ ಬಂದೆ. ಪಿಡಿಎಫ್‌ನಲ್ಲಿ ಅದು ಕೋಷ್ಟಕದಂತೆ ಕಾಣುತ್ತದಷ್ಟೇ. ಒಳಗಿರುವುದು ಕೆಲವು ಗೆರೆಗಳು, ಅವುಗಳ ನಡುವೆ ತೇಲುವ ಅಂಕಿಗಳು. ಪರಿವರ್ತಕ ಗೆರೆಗಳನ್ನು ಗೆರೆಗಳಾಗಿ, ಅಂಕಿಗಳನ್ನು ಒಂದೊಂದು ಪೆಟ್ಟಿಗೆಯಾಗಿ ತಂದಿತ್ತು. ಒಂದು ದರ ಬದಲಿಸಿದರೆ ಅಂಕಿ ಸರಿದು ಗೆರೆ ದಾಟುತ್ತಿತ್ತು. ನಾನು ಎಲ್ಲವನ್ನೂ ಬಿಟ್ಟು `Insert`ನಲ್ಲಿ `Table` ಆರಿಸಿ ನಾಲ್ಕು ಅಂಕಣಗಳ ನಿಜವಾದ ಕೋಷ್ಟಕ ಹಾಕಿದೆ: ಸೀರೆಯ ಬಗೆ, ನೂಲು, ದಡಿ, ದರ. ಅಂಕಿಗಳನ್ನು ಬಲಕ್ಕೆ ಒತ್ತರಿಸಿದೆ. ಹೊಸ ಬಗೆ ಸೇರಿಸಬೇಕೆಂದರೆ ಕೊನೆಯ ಮನೆಯಲ್ಲಿ ಕರ್ಸರ್ ಇಟ್ಟು ಟ್ಯಾಬ್ ಒತ್ತಿದರೆ ಸಾಕು, ಸಾಲು ತಾನೇ ಹುಟ್ಟುತ್ತದೆ.

ಕಳಿಸುವ ಮುನ್ನ ಕಾರ್ಯದರ್ಶಿ ಮಾಡಬಹುದಾದ ಕಿತಾಪತಿಗಳನ್ನೆಲ್ಲ ನಾನೇ ಮಾಡಿ ನೋಡಿದೆ. ಶೀರ್ಷಿಕೆಗೆ ಎರಡು ಪದ ಹೆಚ್ಚು ಸೇರಿಸಿದೆ, ಸಾಲು ಮಡಿಚಿ ಕೆಳಗೆ ಬಂತು, ಫೋಟೊ ಮೇಲೆ ಹತ್ತಲಿಲ್ಲ. ಅಡ್ಡ ಫೋಟೊ ಇದ್ದಲ್ಲಿ ಉದ್ದ ಫೋಟೊ ಹಾಕಿದೆ, ತಾನೇ ಕತ್ತರಿಸಿಕೊಂಡು ಕೂತಿತು. ಆಲ್ಟ್ ಮತ್ತು ಎಫ್10 ಒತ್ತಿ ವಸ್ತುಗಳ ಪಟ್ಟಿ ತೆರೆದು ‘ಮಗ್ಗದ ಫೋಟೊ’, ‘ದರಪಟ್ಟಿ’ ಎಂದು ಹೆಸರಿಟ್ಟೆ. ಕೊನೆಗೆ ನುಡಿ ಇಲ್ಲದ, ಪಕ್ಕದ ಮನೆಯ ಹುಡುಗನ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದೆ. ‘ಕರ್ನಾಟಕ’ ಕರ್ನಾಟಕವಾಗಿಯೇ ಇತ್ತು.

ಮೂರು ದಿನ ಬಿಟ್ಟು ಮತ್ತೆ ಫೋನ್. “ದರ ಎಲ್ಲಾ ನಾನ ಹಾಕೀನ್ರೀ, ಹೊಸಾ ಎರಡು ಸಾಲೂ ಸೇರ್ಸೀನಿ. ಒಂದ ಒಂದು ಉಳಿದೈತಿ. ಆ ರೂಪಾಯಿ ಗುರ್ತು ಹೆಂಗ್ ಹಾಕೂದ್ರೀ?” ಬ್ರೋಷರಿನಲ್ಲಿ ‘ರೂ.’ ಎಂದೇ ಇತ್ತು, ನುಡಿಯ `gÀÆ` ಸರಿಯಾಗಿ ರೂ ಆಗಿಯೇ ಬಂದಿತ್ತು. ಹೊಸ ಗುರುತಿನ ಯೋಚನೆ ನನಗೆ ಬಂದಿರಲಿಲ್ಲ. ಇಂಗ್ಲಿಷ್ ಇಂಡಿಯಾ ಕೀಲಿಮಣೆ ಆರಿಸಿಕೊಂಡು, ಬಲಗಡೆಯ ಆಲ್ಟ್ ಒತ್ತಿಹಿಡಿದು 4 ಒತ್ತಿ ಎಂದೆ. ಆಚೆ ಕಡೆ ಕೀಲಿ ತಟ್ಟುವ ಸದ್ದು ಕೇಳಿತು. “ಬಂತ್ರೀ” ಅಂದರು.